ಕಥೆ ಬಿಟ್ಟುಕೊಡದೆ ಪುಸ್ತಕ ವಿಮರ್ಶೆಯ ಕ್ಯಾರೊಸೆಲ್ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಂದೇ ಪೋಸ್ಟಿನಲ್ಲಿ ಪಕ್ಕಕ್ಕೆ ಸರಿಸಿ ನೋಡುವ ಚಿತ್ರಗಳ ಸಾಲಿಗೆ ಕ್ಯಾರೊಸೆಲ್ ಅನ್ನುತ್ತಾರೆ, ಅದರ ಒಂದೊಂದು ಚಿತ್ರವೂ ಒಂದು ಸ್ಲೈಡ್. ಇನ್‌ಸ್ಟಾಗ್ರಾಮ್‌ನಲ್ಲಿ ಪುಸ್ತಕದ ಬಗ್ಗೆ ಬರೆಯುವವರಲ್ಲಿ ಬಹಳ ಜನ "ಸ್ಪಾಯ್ಲರ್ ಇಲ್ಲ" ಅಂತ ಮೊದಲ ಸ್ಲೈಡ್‌ನಲ್ಲೇ ಹಾಕುತ್ತಾರೆ. ನಾಲ್ಕನೇ ಸ್ಲೈಡ್ ಹೊತ್ತಿಗೆ ಕಥೆ ಅರ್ಧ ಬಿಟ್ಟುಕೊಟ್ಟಿರುತ್ತಾರೆ. ಬೇಕು ಅಂತ ಯಾರೂ ಹೀಗೆ ಮಾಡುವುದಿಲ್ಲ. "ಕೊಲೆ ಮಾಡಿದವನು ಇವನೇ" ಅಂತ ಯಾರೂ ನೇರವಾಗಿ ಬರೆಯುವುದಿಲ್ಲ ಅಲ್ವಾ? ಗುಟ್ಟು ಸೋರುವುದು ಸಣ್ಣ ಸಣ್ಣ ಪದಗಳಲ್ಲಿ. ಕಥೆಯ ಎಳೆ, ಇಷ್ಟವಾದದ್ದು, ಇಷ್ಟವಾಗದ್ದು, ರೇಟಿಂಗ್, ಈ ನಾಲ್ಕರಲ್ಲಿ ಪ್ರತಿಯೊಂದೂ ತನ್ನದೇ ರೀತಿಯಲ್ಲಿ ಸೋರುತ್ತದೆ. ಆ ಜಾಗಗಳನ್ನು ಒಂದೊಂದಾಗಿ ಹೇಗೆ ಮುಚ್ಚುವುದು ಅಂತ ನೋಡೋಣ.

ಉದಾಹರಣೆಗೆ ನಿಜವಾದ ಪುಸ್ತಕ ತೆಗೆದುಕೊಂಡರೆ ಇಲ್ಲೇ ಅದರ ಕಥೆ ಹೇಳಬೇಕಾಗುತ್ತದೆ. ಅದಕ್ಕೇ ಒಂದು ಕಾದಂಬರಿಯನ್ನು ಕಲ್ಪಿಸಿಕೊಳ್ಳೋಣ. ವಸುಧಾ ಕೈಗಡಿಯಾರ ರಿಪೇರಿ ಮಾಡುವವಳು. ಹನ್ನೆರಡು ವರ್ಷದ ಹಿಂದೆ ದೋಣಿ ಮುಳುಗಿದಾಗ ಅವಳ ಅಣ್ಣ ಅದರಲ್ಲಿದ್ದ. ಒಂದು ದಿನ ಅದೇ ಅಣ್ಣನ ಗಡಿಯಾರ ರಿಪೇರಿಗೆ ಬರುತ್ತದೆ. ಅಣ್ಣನ ಗೆಳೆಯ ರಘು ಜೊತೆ ಅವಳು ಹುಡುಕಾಟಕ್ಕೆ ಹೊರಡುತ್ತಾಳೆ. ಅರ್ಧ ದಾರಿ ದಾಟಿದ ಮೇಲೆ, ರಘುವಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು ಅಂತ ತಿಳಿಯುತ್ತದೆ. ಅಣ್ಣ ಬದುಕಿದ್ದಾನೆ, ತಾನಾಗಿಯೇ ಮನೆ ಬಿಟ್ಟು ಹೋದವನು. ಕೊನೆಯಲ್ಲಿ ಅವನು ಬರೆದ ಒಂದು ಉದ್ದದ ಪತ್ರ ಎಲ್ಲವನ್ನೂ ವಿವರಿಸುತ್ತದೆ. ಪುಸ್ತಕ 280 ಪುಟ. ಗಡಿಯಾರ ಅಂಗಡಿಗೆ ಬರುವುದು 30ನೇ ಪುಟದ ಒಳಗೆ.

ಎಳೆಯನ್ನು ಓದು ಮುಗಿಯುವ ಮೊದಲೇ ಬರೆದಿಡಿ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸುವ ಹೆಜ್ಜೆ ಇದು, ಬಹಳ ಜನ ಬಿಡುವ ಹೆಜ್ಜೆಯೂ ಇದೇ. ಕೊನೆ ಗೊತ್ತಾದ ಮೇಲೆ ಕಥೆಯ ಶುರುವನ್ನು ಮುಗ್ಧವಾಗಿ ಹೇಳುವುದು ತುಂಬಾ ಕಷ್ಟ. ಗೊತ್ತಿರುವ ವಿಷಯ ಕ್ರಿಯಾಪದಗಳಲ್ಲಿ, ವಿಶೇಷಣಗಳಲ್ಲಿ ಇಣುಕುತ್ತದೆ. ಹಾಗಾಗಿ ಪುಸ್ತಕದ ಮೊದಲ ಹತ್ತನೇ ಒಂದು ಭಾಗ ಮುಗಿದ ಕೂಡಲೇ ನಿಲ್ಲಿಸಿ. ನಮ್ಮ ಪುಸ್ತಕದಲ್ಲಿ ಅದು ಸುಮಾರು 30ನೇ ಪುಟ. ಫೋನಿನ ನೋಟ್ಸ್‌ನಲ್ಲಿ ನಾಲ್ಕೈದು ವಾಕ್ಯ ಬರೆಯಿರಿ: ಯಾರ ಕಥೆ, ಅವರ ಬದುಕಿನಲ್ಲಿ ಈಗ ಏನಾಯಿತು, ಅವರ ಮುಂದಿರುವ ಪ್ರಶ್ನೆ ಏನು. ಆಮೇಲೆ ಆ ನೋಟನ್ನು ಮುಚ್ಚಿ ಓದು ಮುಂದುವರಿಸಿ. ಮುಗಿದ ಮೇಲೆ ಅದರಲ್ಲಿ ಭಾಷೆ ತಿದ್ದಬಹುದು. ಹೊಸ ಮಾಹಿತಿ ಮಾತ್ರ ಸೇರಿಸಬೇಡಿ.

ಕೆಲವು ಪುಸ್ತಕಗಳಲ್ಲಿ ಕಥೆಗೆ ಚಾಲನೆ ಸಿಗುವುದೇ ತಡವಾಗಿ. ಆಗ ಆ ಘಟನೆಯವರೆಗೆ ಓದಿ ಬರೆಯಿರಿ. ಆದರೆ ಕಾಲು ಭಾಗ ದಾಟಿದ ಮೇಲಿನ ಯಾವುದನ್ನೂ ಎಳೆಯಲ್ಲಿ ತರಬೇಡಿ. ಹಿಂಬದಿಯ ರಕ್ಷಾಪುಟದಲ್ಲಿ ಇರುವುದನ್ನೆಲ್ಲ ಹೇಳಬಹುದು ಅನ್ನುವುದೂ ಸರಿಯಲ್ಲ. ಎಷ್ಟೋ ಪುಸ್ತಕಗಳ ಬೆನ್ನಿನ ಮೇಲಿನ ಬರಹವೇ ನೂರನೇ ಪುಟದ ಘಟನೆಯನ್ನು ಹೇಳಿಬಿಟ್ಟಿರುತ್ತದೆ.

ಓದುವಾಗ ಇನ್ನೂ ಒಂದು ಅಭ್ಯಾಸ ಇಟ್ಟುಕೊಳ್ಳಿ. ಇಷ್ಟವಾದ ಸಾಲು, ಬೇಸರ ತಂದ ಭಾಗ ಸಿಕ್ಕಾಗ ಪುಟಸಂಖ್ಯೆ ಗುರುತು ಮಾಡಿಕೊಳ್ಳಿ. ಮುಂದೆ "ಇಷ್ಟವಾದದ್ದು" ಸ್ಲೈಡಿಗೆ ಉದಾಹರಣೆ ಬೇಕಾದಾಗ, ಪುಸ್ತಕದ ಮೊದಲ ಮೂರನೇ ಒಂದು ಭಾಗದ ಗುರುತುಗಳಿಂದ ಮಾತ್ರ ಆರಿಸಬಹುದು.

ಸ್ಲೈಡುಗಳ ಅಳತೆ ಮತ್ತು ಅಕ್ಷರ

ಐದು ಸ್ಲೈಡು ಸಾಕು: ಮುಖಪುಟ, ಎಳೆ, ಇಷ್ಟವಾದದ್ದು, ಇಷ್ಟವಾಗದ್ದು, ರೇಟಿಂಗ್. ಒಂದು ಪೋಸ್ಟಿಗೆ 20 ಸ್ಲೈಡು ಹಾಕಲು ಇನ್‌ಸ್ಟಾಗ್ರಾಮ್ ಬಿಡುತ್ತದೆ ನಿಜ, ಆದರೆ ಸ್ಲೈಡು ಹೆಚ್ಚಿದಷ್ಟೂ ಬರೆಯುವುದು ಹೆಚ್ಚುತ್ತದೆ. ಬರೆದಷ್ಟೂ ಸೋರುವ ಜಾಗ ಜಾಸ್ತಿ.

ಎಲ್ಲ ಸ್ಲೈಡುಗಳೂ 1080×1350 ಪಿಕ್ಸೆಲ್ ಇರಲಿ. ಮೊದಲ ಸ್ಲೈಡಿನ ಆಕಾರವೇ ಉಳಿದವುಗಳಿಗೂ ಅನ್ವಯವಾಗುತ್ತದೆ. ಅಳತೆ ಬೇರೆ ಬೇರೆ ಇದ್ದರೆ ಅಂಚು ಕತ್ತರಿಸಿ ಹೋಗುತ್ತದೆ. ಪ್ರೊಫೈಲ್ ಗ್ರಿಡ್‌ನಲ್ಲಿ ಈಗ ಚಿತ್ರಗಳು 3:4 ಆಕಾರದಲ್ಲಿ ಕಾಣುವುದರಿಂದ, ಮುಖಪುಟ ಸ್ಲೈಡಿನ ಎಡ ಬಲದಲ್ಲಿ ಸುಮಾರು 34 ಪಿಕ್ಸೆಲ್ ಮರೆಯಾಗುತ್ತದೆ. ನಾಲ್ಕೂ ಕಡೆ 100 ಪಿಕ್ಸೆಲ್ ಖಾಲಿ ಬಿಟ್ಟರೆ ಈ ತಲೆನೋವೇ ಇರುವುದಿಲ್ಲ. ಮೇಲೆ ಬಲ ಮೂಲೆಯಲ್ಲಿ ಸ್ಲೈಡಿನ ಸಂಖ್ಯೆ ಬರುತ್ತದೆ, ಅಲ್ಲಂತೂ ಏನೂ ಬರೆಯಬೇಡಿ.

ಕನ್ನಡ ಅಕ್ಷರದ ವಿಷಯದಲ್ಲಿ ಒಂದು ಮಾತು. ಸಿದ್ಧ ಟೆಂಪ್ಲೇಟುಗಳು ಇಂಗ್ಲಿಷಿಗೆ ಅಂತ ಮಾಡಿದವು. ಅದರಲ್ಲಿ ಸಾಲುಗಳ ನಡುವಿನ ಅಂತರ ಕಡಿಮೆ. ಅದೇ ಅಂತರದಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ಏತ್ವಕ್ಕೆ ತಾಗುತ್ತದೆ. ಸಾಲಿನ ಅಂತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಡಿ. Noto Sans Kannada, Anek Kannada ಇಂಥ ಯೂನಿಕೋಡ್ ಫಾಂಟ್ ಬಳಸಿ. ಓದುವ ಪಠ್ಯಕ್ಕೆ 44ರಿಂದ 48 ಪಿಕ್ಸೆಲ್ ಗಾತ್ರ ಫೋನಿನಲ್ಲಿ ಆರಾಮವಾಗಿ ಕಾಣುತ್ತದೆ. ಆ ಗಾತ್ರದಲ್ಲಿ ಒಂದು ಸ್ಲೈಡಿಗೆ ನಲವತ್ತು ಪದದ ಆಸುಪಾಸು ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಅಕ್ಷರ ಚಿಕ್ಕದು ಮಾಡಬೇಡಿ, ವಾಕ್ಯ ಕತ್ತರಿಸಿ. ಚಿತ್ರ ಉಳಿಸಿದ ಮೇಲೆ ಒಮ್ಮೆ ಫೋನಿನಲ್ಲಿ ತೆರೆದು ಒತ್ತಕ್ಷರಗಳು ಒಡೆದಿಲ್ಲ ಅಂತ ನೋಡಿಕೊಳ್ಳಿ. ಕೆಲವು ವಿನ್ಯಾಸದ ಸಾಫ್ಟ್‌ವೇರ್‌ಗಳು ಭಾರತೀಯ ಲಿಪಿಯ ಆಯ್ಕೆ ಆನ್ ಮಾಡದಿದ್ದರೆ "ಕ್ಷ"ವನ್ನು "ಕ್‌ಷ" ಅಂತ ಬಿಡಿಸಿ ಹಾಕುತ್ತವೆ.

ಮುಖಪುಟ ಸ್ಲೈಡ್

ಇಲ್ಲಿ ಪುಸ್ತಕದ ಹೆಸರು, ಲೇಖಕರ ಹೆಸರು, ಅನುವಾದವಾದರೆ ಅನುವಾದಕರ ಹೆಸರು, ಪುಸ್ತಕದ ಫೋಟೊ. ಜೊತೆಗೆ ಒಂದು ಸಾಲು. ಆ ಸಾಲಿನ ಬಗ್ಗೆ ಹುಷಾರು. ಜನ ನಿಲ್ಲಲಿ ಅಂತ "ಕೊನೆಯ ಹತ್ತು ಪುಟ ನನ್ನ ನಿದ್ದೆ ಕೆಡಿಸಿತು" ಅಂತ ಹಾಕುವುದುಂಟು. ಘಟನೆ ಏನೂ ಹೇಳಿಲ್ಲ ಅನಿಸಬಹುದು. ಆದರೆ ಓದುವವರು ಈಗ 270 ಪುಟಗಳನ್ನೂ ಕೊನೆಯ ಹತ್ತು ಪುಟದ ಬಾಗಿಲಲ್ಲಿ ನಿಂತೇ ಓದುತ್ತಾರೆ. ತಿರುವು ಇದೆ ಅಂತ ಹೇಳುವುದೇ ಅರ್ಧ ಸ್ಪಾಯ್ಲರ್. ತಿರುವು ಗೊತ್ತಿಲ್ಲದೆ ಸಿಕ್ಕಾಗಲೇ ಅದಕ್ಕೆ ಬೆಲೆ.

ಹಿನ್ನೆಲೆ ಚಿತ್ರವೂ ಮಾತಾಡುತ್ತದೆ. ನಮ್ಮ ಕಾದಂಬರಿಗೆ ಗಡಿಯಾರದ ಬಿಡಿಭಾಗಗಳ ಚಿತ್ರ ಹಾಕಿದರೆ ತೊಂದರೆ ಇಲ್ಲ. ಪತ್ರ, ಲಕೋಟೆಯ ಚಿತ್ರ ಹಾಕಿದರೆ ಕೊನೆಯನ್ನು ಮುಖಪುಟದಲ್ಲೇ ಅಂಟಿಸಿದಂತೆ.

ಎಳೆಯ ಸ್ಲೈಡ್

ಮೊದಲ ಸ್ಲೈಡ್ ನೋಡಿ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಮ್ ಕೆಲವೊಮ್ಮೆ ಅದೇ ಪೋಸ್ಟನ್ನು ಎರಡನೇ ಸ್ಲೈಡಿನಿಂದ ತೋರಿಸುತ್ತದೆ. ಹಾಗಾಗಿ ಈ ಸ್ಲೈಡಿನ ಮೇಲ್ಭಾಗದಲ್ಲೂ ಪುಸ್ತಕದ ಹೆಸರನ್ನು ಸಣ್ಣದಾಗಿ ಹಾಕಿ. ಇಲ್ಲವಾದರೆ ಯಾವ ಪುಸ್ತಕದ ಕಥೆ ಅಂತಲೇ ಅವರಿಗೆ ತಿಳಿಯುವುದಿಲ್ಲ.

ಈಗ ಓದು ಮುಗಿದ ಮೇಲೆ ಬರೆದ ಒಂದು ಎಳೆ ನೋಡಿ:

"ಸತ್ತನೆಂದು ಎಲ್ಲರೂ ನಂಬಿದ್ದ ಅಣ್ಣನ ಗಡಿಯಾರ ಹನ್ನೆರಡು ವರ್ಷದ ನಂತರ ವಸುಧಾಳ ಕೈಗೆ ಬರುತ್ತದೆ. ಕಣ್ಣುಮುಚ್ಚಿ ನಂಬಿದ ಗೆಳೆಯ ರಘು ಜೊತೆ ಅವಳು ಹೊರಡುತ್ತಾಳೆ. ಆದರೆ ಸತ್ಯ ಅವಳು ಅಂದುಕೊಂಡದ್ದಕ್ಕಿಂತ ಕಹಿಯಾಗಿತ್ತು."

ಇಪ್ಪತ್ತೈದು ಪದವೂ ಇಲ್ಲ, ಮೂರು ಕಡೆ ಸೋರಿದೆ. "ಸತ್ತನೆಂದು ನಂಬಿದ್ದ" ಅಂದ ಕೂಡಲೇ ಅವನು ಸತ್ತಿಲ್ಲ ಅಂತ ಗೊತ್ತಾಯಿತು. "ಕಣ್ಣುಮುಚ್ಚಿ ನಂಬಿದ" ಅಂದರೆ ರಘು ಮೋಸ ಮಾಡುತ್ತಾನೆ ಅಂತ ಅರ್ಥ, ಯಾಕೆಂದರೆ ನಂಬಿಕೆ ಉಳಿಯುವ ಕಡೆ ಯಾರೂ ಈ ಮಾತು ಬಳಸುವುದಿಲ್ಲ. "ಕಹಿ" ಅನ್ನುವುದು ಕೊನೆಯ ರುಚಿಯನ್ನೇ ಹೇಳಿತು.

ಈಗ 30ನೇ ಪುಟದಲ್ಲಿ ನಿಂತು ಬರೆದದ್ದು:

"ವಸುಧಾ ಕೈಗಡಿಯಾರ ರಿಪೇರಿ ಮಾಡುವವಳು. ಹನ್ನೆರಡು ವರ್ಷದ ಹಿಂದೆ ದೋಣಿ ದುರಂತದಲ್ಲಿ ಅಣ್ಣನನ್ನು ಕಳೆದುಕೊಂಡಿದ್ದಾಳೆ. ಒಂದು ಸಂಜೆ ಯಾರೋ ಹಳೆಯ ಗಡಿಯಾರ ಬಿಟ್ಟು ಹೋಗುತ್ತಾರೆ. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಅವಳೇ ಅಣ್ಣನಿಗಾಗಿ ಕೆತ್ತಿದ್ದ ಅಕ್ಷರ. ಇದು ಇಲ್ಲಿಗೆ ಬಂದದ್ದು ಹೇಗೆ?"

ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ಎರಡನೆಯದರಲ್ಲಿ ಹೇಳುವವರಿಗೆ ವಸುಧಾಗೆ ಗೊತ್ತಿರುವುದಕ್ಕಿಂತ ಒಂದು ಚೂರೂ ಜಾಸ್ತಿ ಗೊತ್ತಿಲ್ಲ. ಅಣ್ಣ ಹೋದ ಅಂತ ಅವಳು ನಂಬಿದ್ದಾಳೆ, ಸ್ಲೈಡೂ ಅದನ್ನೇ ಹೇಳುತ್ತದೆ. ಇದು ಸುಳ್ಳು ಹೇಳಿದಂತೆ ಅಲ್ಲವೇ ಅಂತ ಕೇಳಬಹುದು. ಅಲ್ಲ. ಆ ಪುಟದಲ್ಲಿ ಪುಸ್ತಕ ಓದುಗರಿಗೆ ಹೇಳುವುದೂ ಅಷ್ಟನ್ನೇ. ರಘುವಿನ ಹೆಸರೂ ಇಲ್ಲಿ ಬಂದಿಲ್ಲ. ಎಳೆಯಲ್ಲಿ ಒಂದು ಪಾತ್ರದ ಹೆಸರು ಸಾಕು. ಎರಡನೆಯದು ಬಂದರೆ ಅವನಿಗೇನೋ ದೊಡ್ಡ ಪಾತ್ರ ಇದೆ ಅಂತ ಓದುವವರು ಕಾಯತೊಡಗುತ್ತಾರೆ. "ಆದರೆ", "ಕೊನೆಗೂ", "ಅವಳಿಗೆ ಗೊತ್ತಿರಲಿಲ್ಲ", "ಎಲ್ಲ ಬದಲಾಗುತ್ತದೆ" ಇಂಥವು ನಿಮ್ಮ ಎಳೆಯಲ್ಲಿ ಇದ್ದರೆ ಅಳಿಸಿ, ಪ್ರಶ್ನೆಯಲ್ಲಿ ನಿಲ್ಲಿಸಿ.

ಇಷ್ಟವಾದದ್ದು

ಹೊಗಳುವಾಗ ಬಾಯಿ ಜಾರುವುದು ಜಾಸ್ತಿ. "ರಘುವಿನ ಪಾತ್ರ ಬದಲಾಗುವ ರೀತಿ ಸೊಗಸಾಗಿದೆ" ಅಂತ ಬರೆದರೆ ಅವನು ಬದಲಾಗುತ್ತಾನೆ ಅಂತ ಹೇಳಿದಂತಾಯಿತು. ಏನಾಯಿತು ಅನ್ನುವುದನ್ನು ಬಿಡಿ, ಹೇಗೆ ಬರೆದಿದ್ದಾರೆ ಅನ್ನುವುದನ್ನು ಹಿಡಿಯಿರಿ. ಭಾಷೆ, ಸಂಭಾಷಣೆ, ಸ್ಥಳದ ವಿವರ, ನಿರೂಪಣೆಯ ವೇಗ, ಇವುಗಳ ಬಗ್ಗೆ ಎಷ್ಟು ಬೇಕಾದರೂ ಹೇಳಬಹುದು, ಕಥೆ ಅಲ್ಲಾಡುವುದಿಲ್ಲ.

ಆದರೆ ಸುಮ್ನೆ "ಭಾಷೆ ಚೆನ್ನಾಗಿದೆ, ಪಾತ್ರಗಳು ಜೀವಂತ" ಅಂದರೆ ಯಾರಿಗೂ ಏನೂ ಸಿಗುವುದಿಲ್ಲ. ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದಾದ ಮಾತು ಅದು. ಒಂದು ದೃಶ್ಯ ತೋರಿಸಬೇಕು. ಓದುವಾಗ ಮಾಡಿದ ಪುಟದ ಗುರುತು ಈಗ ಕೆಲಸಕ್ಕೆ ಬರುತ್ತದೆ:

"ರಿಪೇರಿಯ ದೃಶ್ಯಗಳು ಪುಸ್ತಕದ ಜೀವ. ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದಾಗ ವಸುಧಾ ಉಸಿರು ಬಿಗಿಹಿಡಿಯುತ್ತಾಳೆ, ನಾವೂ ಹಿಡಿಯುತ್ತೇವೆ. ಶುರುವಿನಲ್ಲಿ ಗಡಿಯಾರದ ವಿಷಯ ಅಮ್ಮನಿಗೆ ಹೇಳದೆ ಅವಳು ಊಟಕ್ಕೆ ಕೂರುವ ಪುಟಗಳಿವೆ. ಇಬ್ಬರೂ ಬೇರೇನೋ ಮಾತಾಡುತ್ತಾರೆ, ಹೇಳದ ಮಾತೇ ಕೇಳಿಸುತ್ತದೆ."

ಗಡಿಯಾರ ಬಂದಿದೆ ಅಂತ ಎಳೆಯಲ್ಲೇ ಹೇಳಿದ್ದೇವೆ, ಆದ್ದರಿಂದ ಊಟದ ದೃಶ್ಯದಿಂದ ಹೊಸದೇನೂ ಸೋರಿಲ್ಲ. ಆದರೂ ಈ ಪುಸ್ತಕ ಹೇಗೆ ಬರೆಯಲ್ಪಟ್ಟಿದೆ ಅಂತ ಓದುವವರಿಗೆ ಅಂದಾಜು ಸಿಕ್ಕಿತು. ಇಂಥ ಎರಡು ಅಂಶ ಸಾಕು. ಮೂರನೆಯದಕ್ಕೆ ಜಾಗ ಮಾಡಲು ಹೋದರೆ ಮೂರೂ ತೆಳುವಾಗುತ್ತವೆ.

ಇಷ್ಟವಾಗದ್ದು

ಐದರಲ್ಲಿ ಅತಿ ಕಷ್ಟದ ಸ್ಲೈಡ್ ಇದು, ಅದಕ್ಕೇ ಇದಕ್ಕೆ ಸಮಯ ಕೊಡಿ. ದೂರುಗಳು ಬಹುಪಾಲು ಪುಸ್ತಕದ ಕೊನೆಯ ಭಾಗದ ಮೇಲೆಯೇ ಇರುತ್ತವೆ. "ಅಣ್ಣನ ಪತ್ರದಲ್ಲಿ ಎಲ್ಲ ವಿವರಿಸಿದ್ದು ಸಪ್ಪೆ" ಅನ್ನುವುದು ನಿಮ್ಮ ನಿಜವಾದ ದೂರು. ಅದನ್ನು ಹಾಗೇ ಬರೆದರೆ ಕಥೆ ಮುಗಿಯಿತು. ಬರೆಯದೆ ಬಿಟ್ಟರೆ ವಿಮರ್ಶೆ ಪ್ರಾಮಾಣಿಕ ಅಲ್ಲ.

ಇದಕ್ಕೆ ಒಂದು ದಾರಿ ಇದೆ. ದೂರಿನಲ್ಲಿ ಮೂರು ಭಾಗ ಇಟ್ಟುಕೊಳ್ಳಿ: ಪುಸ್ತಕದ ಯಾವ ಭಾಗ, ಬರವಣಿಗೆಯಲ್ಲಿ ಏನು ಕೊರತೆ, ಓದುವಾಗ ನಿಮಗೆ ಏನಾಯಿತು. ಘಟನೆಯನ್ನು ಹೊರಗಿಡಿ. ಆಗ ಪತ್ರದ ದೂರು ಹೀಗಾಗುತ್ತದೆ: "ಕೊನೆಯ ಭಾಗದಲ್ಲಿ ತೋರಿಸುವುದಕ್ಕಿಂತ ವಿವರಿಸುವುದು ಜಾಸ್ತಿ. ಅಲ್ಲಿಯವರೆಗೆ ನಾನೇ ಜೋಡಿಸಿಕೊಂಡು ಬಂದಿದ್ದ ಓದುಗ, ಅಲ್ಲಿ ಸುಮ್ನೆ ಕೇಳಿಸಿಕೊಳ್ಳುವವನಾದೆ." ಪತ್ರವೂ ಇಲ್ಲ, ಅಣ್ಣನೂ ಇಲ್ಲ. ಪುಸ್ತಕ ಓದಿದವರಿಗೆ ಮಾತ್ರ ಇದು ಯಾವುದರ ಬಗ್ಗೆ ಅಂತ ತಟ್ಟನೆ ಹೊಳೆಯುತ್ತದೆ. ಓದದವರಿಗೆ ಒಂದು ಎಚ್ಚರಿಕೆ ಸಿಗುತ್ತದೆ, ಅಷ್ಟೇ.

ನಡುವಿನ ಭಾಗ ಎಳೆದಂತಿದೆ ಅನ್ನುವುದು ಸುಲಭದ ದೂರು. ಪುಟ ಹೇಳಿಯೇ ಬರೆಯಬಹುದು: "120ರಿಂದ 170ನೇ ಪುಟದವರೆಗೆ ಹುಡುಕಾಟ ಒಂದೇ ಜಾಗದಲ್ಲಿ ಸುತ್ತುತ್ತದೆ." ಇನ್ನೊಂದು ದೂರು ಹೀಗೆ ಬಗ್ಗುವುದಿಲ್ಲ. ರಘುವಿಗೆ ಏನೋ ಗೊತ್ತಿದೆ ಅಂತ 80ನೇ ಪುಟದಲ್ಲೇ ಓದುಗರು ಊಹಿಸಿಬಿಡುತ್ತಾರೆ, ವಸುಧಾಗೆ ಮಾತ್ರ ತಿಳಿಯುವುದಿಲ್ಲ. "ಒಂದು ಗುಟ್ಟು ಬೇಗ ಗೊತ್ತಾಗುತ್ತದೆ" ಅಂತ ಹೆಸರಿಲ್ಲದೆ ಬರೆದರೂ ಓದುವವರು ಮೊದಲ ಪುಟದಿಂದಲೇ ಎಲ್ಲರನ್ನೂ ಅನುಮಾನಿಸುತ್ತಾ ಹೋಗುತ್ತಾರೆ. ಇಂಥ ದೂರನ್ನು ಸ್ಲೈಡಿನಲ್ಲಿ ಹಾಕಲೇಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದರ ತೂಕವನ್ನು ರೇಟಿಂಗ್ ಹೊರಲಿ. ಪುಸ್ತಕ ಓದಿದವರು ಕೇಳಿದರೆ ಮೆಸೇಜಿನಲ್ಲಿ ಮಾತಾಡಿ.

ಇಷ್ಟವಾಗದ್ದನ್ನು ಬರೆಯುವಾಗ ಪುಸ್ತಕದ ದೋಷ ಯಾವುದು, ನಿಮ್ಮ ರುಚಿ ಯಾವುದು ಅಂತ ಬೇರೆ ಮಾಡಿ. "ನಿಧಾನದ ಕಥೆ ನನಗೆ ಒಗ್ಗುವುದಿಲ್ಲ" ಅನ್ನುವುದು ರುಚಿ. "ಒಂದೇ ವಿಷಯವನ್ನು ಮೂರು ಸಲ ಹೇಳಿದ್ದಾರೆ" ಅನ್ನುವುದು ದೋಷ.

ರೇಟಿಂಗ್ ಸ್ಲೈಡ್

ಐದಕ್ಕೆ ಎಷ್ಟು ಅಂತ ದೊಡ್ಡದಾಗಿ ಒಂದು ಅಂಕಿ, ಕೆಳಗೆ ಯಾಕೆ ಅಂತ ಒಂದು ವಾಕ್ಯ, ಅದರ ಕೆಳಗೆ ಯಾರಿಗೆ ಹಿಡಿಸಬಹುದು ಮತ್ತು ಯಾರಿಗೆ ಹಿಡಿಸಲಿಕ್ಕಿಲ್ಲ ಅಂತ ಒಂದೊಂದು ಸಾಲು. ನಮ್ಮ ಪುಸ್ತಕಕ್ಕೆ ಹೀಗಿರಬಹುದು: "3.5/5. ಕೆಲಸದ ವಿವರಗಳಲ್ಲಿ ಗೆದ್ದ ಪುಸ್ತಕ, ಗಂಟು ಬಿಡಿಸುವಲ್ಲಿ ಅವಸರ ಮಾಡಿದೆ. ಕುಟುಂಬದ ಕಥೆ ಇಷ್ಟಪಡುವವರಿಗೆ ಹಿಡಿಸುತ್ತದೆ. ಬಿರುಸಿನ ಪತ್ತೇದಾರಿ ಓದು ಬೇಕು ಅನ್ನುವವರಿಗೆ ನಡುವೆ ಬೇಸರ ಆಗಬಹುದು."

ನೋಡಲು ಚಂದ ಅಂತ ರೇಟಿಂಗನ್ನು ಭಾಗ ಮಾಡುವವರಿದ್ದಾರೆ: ಭಾಷೆ 4, ಪಾತ್ರ 4, ತಿರುವು 5, ಕೊನೆ 2. ಮೊದಲ ಎರಡು ಸರಿ. "ತಿರುವು 5" ಅಂದರೆ ಮುಖಪುಟದಲ್ಲಿ ಬೇಡ ಅಂದದ್ದನ್ನೇ ಅಂಕಿಯಲ್ಲಿ ಹೇಳಿದಂತೆ. "ಕೊನೆ 2" ಅಂದರೆ ಓದುವವರು ಆಸೆ ಬಿಟ್ಟು ಓದುತ್ತಾರೆ. ಭಾಗ ಮಾಡಲೇಬೇಕು ಅಂದರೆ ಭಾಷೆ, ಪಾತ್ರ, ವೇಗ ಇಷ್ಟಕ್ಕೆ ನಿಲ್ಲಿಸಿ. ಭಾಗಗಳ ಸರಾಸರಿ ತೆಗೆದು ಒಟ್ಟು ಅಂಕಿ ಕೊಡಬೇಕು ಅಂತೇನಿಲ್ಲ. ಭಾಷೆ ಒಂದೇ ಇಡೀ ಪುಸ್ತಕವನ್ನು ಎತ್ತಿ ನಿಲ್ಲಿಸುವುದೂ ಉಂಟು.

ನಿಮ್ಮ ಅಂಕಿಗಳ ಅರ್ಥ ಏನು ಅಂತ ಒಮ್ಮೆ ನಿಶ್ಚಯ ಮಾಡಿ ಬರೆದಿಡಿ. ಉದಾಹರಣೆಗೆ 5 ಅಂದರೆ ಮತ್ತೆ ಓದುತ್ತೇನೆ, 4 ಅಂದರೆ ಬೇರೆಯವರಿಗೆ ಕೊಡುತ್ತೇನೆ, 3 ಅಂದರೆ ಓದಿದ್ದಕ್ಕೆ ಬೇಸರವಿಲ್ಲ, 2 ಅಂದರೆ ಕಷ್ಟಪಟ್ಟು ಮುಗಿಸಿದೆ. ಇಷ್ಟಿದ್ದರೆ ಒಂದು ಪುಸ್ತಕದ 3.5 ಮತ್ತು ಇನ್ನೊಂದರ 3.5 ಒಂದೇ ತೂಕದ್ದಾಗುತ್ತವೆ.

ಮನಸ್ಸಿಗೆ ಘಾಸಿ ಮಾಡುವ ವಿಷಯ ಪುಸ್ತಕದಲ್ಲಿದ್ದರೆ ಎಚ್ಚರಿಕೆ ಕೊಡುವುದು ಒಳ್ಳೆಯದು. ಆದರೆ ಆ ಎಚ್ಚರಿಕೆಯೇ ಸ್ಪಾಯ್ಲರ್ ಆಗಬಹುದು. ಸ್ಲೈಡಿನಲ್ಲಿ "ಎಚ್ಚರಿಕೆಯ ವಿಷಯಗಳು ಕ್ಯಾಪ್ಶನ್‌ನ ಕೊನೆಯಲ್ಲಿವೆ" ಅಂತಷ್ಟೇ ಬರೆಯಿರಿ. ಕ್ಯಾಪ್ಶನ್ ತೆರೆಯದೆ ಮೊದಲ ಒಂದೆರಡು ಸಾಲು ಮಾತ್ರ ಕಾಣುವುದರಿಂದ, ಬೇಕಾದವರು ಮಾತ್ರ ಕೆಳಗೆ ಹೋಗಿ ನೋಡುತ್ತಾರೆ.

ಹಾಕುವ ಮೊದಲು ಒಂದು ಪರೀಕ್ಷೆ

ಪುಸ್ತಕ ಓದಿರದ ಒಬ್ಬರಿಗೆ ಐದೂ ಸ್ಲೈಡು ಕಳಿಸಿ. "ಹೇಗಿದೆ" ಅಂತ ಕೇಳಬೇಡಿ, "ಚೆನ್ನಾಗಿದೆ" ಅಂತ ಹೇಳಿ ಮುಗಿಸಿಬಿಡುತ್ತಾರೆ. "ಈ ಕಥೆ ಹೇಗೆ ಮುಗಿಯುತ್ತದೆ ಅಂತ ಅನಿಸುತ್ತದೆ?" ಅಂತ ಕೇಳಿ. ಅವರು ಮೂರು ನಾಲ್ಕು ಬೇರೆ ಬೇರೆ ಊಹೆ ಹೇಳಿದರೆ ಸ್ಲೈಡು ಗಟ್ಟಿಯಾಗಿದೆ. "ಅಣ್ಣ ಬದುಕಿದ್ದಾನೆ ಅಲ್ವಾ?" ಅಂತ ಮೊದಲಿಗೇ ಹೇಳಿದರೆ ಯಾವ ಪದ ನೋಡಿ ಹಾಗನಿಸಿತು ಅಂತ ಕೇಳಿ. ಕೆಲವೊಮ್ಮೆ ಅದು ಎಳೆಯಿಂದಲೇ ಬರುವ ಸಹಜ ಊಹೆ. ಸತ್ತವನ ಗಡಿಯಾರ ಬಂದರೆ ಯಾರಿಗಾದರೂ ಹಾಗೆ ಅನಿಸುತ್ತದೆ, ಪುಸ್ತಕವೂ ಅದನ್ನು ಬಯಸುತ್ತದೆ. ಅದನ್ನು ತಿದ್ದಬೇಕಾಗಿಲ್ಲ. ಆದರೆ ಅವರು "ಇಷ್ಟವಾಗದ್ದು" ಸ್ಲೈಡಿನ ಒಂದು ಪದ ತೋರಿಸಿದರೆ ಅದನ್ನು ತೆಗೆಯಲೇಬೇಕು.

ಪೋಸ್ಟ್ ಮಾಡಿದ ಮೇಲೆ ಕಾಮೆಂಟುಗಳ ಮೇಲೆ ಕಣ್ಣಿಡಿ. "ರಘು ಹಾಗೆ ಮಾಡ್ತಾನೆ ಅಂತ ಅಂದ್ಕೊಂಡಿರಲಿಲ್ಲ" ಅಂತ ಯಾರಾದರೂ ಪ್ರೀತಿಯಿಂದಲೇ ಬರೆಯುತ್ತಾರೆ. ಉತ್ತರ ಕೊಟ್ಟರೆ ಅದು ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತದೆ. ಕಾಮೆಂಟ್ ಅಳಿಸಿ, ಅವರಿಗೆ ಮೆಸೇಜಿನಲ್ಲಿ ಕಾರಣ ಹೇಳಿ, ಮಾತು ಅಲ್ಲೇ ಮುಂದುವರಿಸಿ. "ಓದಿದವರು ಕಥೆಯ ಬಗ್ಗೆ ಮೆಸೇಜಿನಲ್ಲಿ ಮಾತಾಡೋಣ" ಅನ್ನುವ ನಿಮ್ಮದೇ ಒಂದು ಕಾಮೆಂಟನ್ನು ಮೇಲೆ ಪಿನ್ ಮಾಡಿಟ್ಟರೆ ಈ ಕೆಲಸ ಬಹಳ ಕಡಿಮೆಯಾಗುತ್ತದೆ.

ಹಾಕಿದ ಮೇಲೆ ಸ್ಲೈಡಿನಲ್ಲೇ ಸೋರಿಕೆ ಕಂಡರೆ, ಚಿತ್ರವನ್ನು ತಿದ್ದಿ ಅದೇ ಜಾಗಕ್ಕೆ ಹಾಕಲು ಬರುವುದಿಲ್ಲ. ಆದರೆ ಇಡೀ ಪೋಸ್ಟ್ ತೆಗೆಯಬೇಕಾಗಿಯೂ ಇಲ್ಲ. ಮೇಲಿನ ಮೂರು ಚುಕ್ಕಿ ಒತ್ತಿ Edit ಆಯ್ಕೆ ಮಾಡಿ, ಆ ಸ್ಲೈಡಿಗೆ ಹೋಗಿ. ಮೂಲೆಯಲ್ಲಿ ಕಸದ ಬುಟ್ಟಿಯ ಗುರುತು ಕಾಣುತ್ತದೆ, ಅದನ್ನು ಒತ್ತಿದರೆ ಅದೊಂದೇ ಹೋಗುತ್ತದೆ. ಅದರಲ್ಲಿದ್ದ ಮಾತನ್ನು ತಿದ್ದಿ ಕ್ಯಾಪ್ಶನ್‌ಗೆ ಸೇರಿಸಿ.